ಸ್ಕ್ರೀನ್‌ಶಾಟ್‌ನಿಂದ ಸ್ಟೈಲ್ ಗೈಡ್: 42 ಪಿಕ್ಸೆಲ್ ಹಿಂದಿರುವ 16ನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಪತ್ತಿನ ಸಹಕಾರ ಸಂಘದ ಆಂಡ್ರಾಯ್ಡ್ ಆ್ಯಪ್‌ಗೆ ಎರಡು ಹೊಸ ಪರದೆಗಳನ್ನು ಸೇರಿಸುವ ಕೆಲಸ ನನಗೆ ಬಂದಿದೆ. ಮೊದಲು ಮಾಡಿಕೊಟ್ಟವರು ವಿನ್ಯಾಸದ ಕಡತವನ್ನು ಸಂಘಕ್ಕೆ ಕೊಟ್ಟಿಲ್ಲ. ನನ್ನ ಬಳಿ ಇರುವುದು ಕಾರ್ಯದರ್ಶಿಗಳ ಫೋನಿನಲ್ಲಿ ತೆಗೆದ 1080×2400 ಅಳತೆಯ ಸ್ಕ್ರೀನ್‌ಶಾಟ್‌ಗಳು ಮತ್ತು ವಾಟ್ಸ್ಆ್ಯಪ್‌ನಲ್ಲಿ ಬಂದ ಕೆಲವು ಚಿತ್ರಗಳು ಮಾತ್ರ. ಕಲರ್ ಪಿಕ್ಕರ್ ಇಟ್ಟರೆ ಒಂದೇ ಹಸಿರಿಗೆ ಏಳು ಕೋಡ್ ಬರುತ್ತಿವೆ. ಪರದೆಯ ಅಂಚಿನ ಅಂತರ 42 ಪಿಕ್ಸೆಲ್, ಕಾರ್ಡುಗಳ ನಡುವೆ 21, ಗುಂಡಿಯ ಎತ್ತರ 126. ಎರಡರಿಂದ ಭಾಗಿಸಿದರೂ ಮೂರರಿಂದ ಭಾಗಿಸಿದರೂ ಎಂಟರ ಲೆಕ್ಕಕ್ಕೆ ಕೂರುವುದಿಲ್ಲ. ಕಾರ್ಡಿನ ಮೇಲಂಚಿನಿಂದ ಒಳಗಿನ ‘FD’ ಶೀರ್ಷಿಕೆಯ ತಲೆಯವರೆಗೆ 58 ಇದೆ, ಅದಂತೂ ಯಾವುದಕ್ಕೂ ಹೊಂದುವುದಿಲ್ಲ. ಕನ್ನಡ ಅಕ್ಷರಗಳ ಗಾತ್ರವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಇಷ್ಟರಿಂದ ಒಂದು ಪುಟದ ಸ್ಟೈಲ್ ಗೈಡ್ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ನೀವು ಅಳೆದಿರುವ ಅಂಕಿಗಳೂ ಸರಿಯಾಗಿಯೇ ಇವೆ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ವಿನ್ಯಾಸಕಾರರು ಬರೆದ ಅಂಕಿಯಲ್ಲ. ಆ ಅಂಕಿಯನ್ನು ಫೋನು ತನ್ನ ಪರದೆಗೆ ತಕ್ಕಂತೆ ಗುಣಿಸಿ, ಬಣ್ಣಗಳನ್ನು ಒಂದರ ಮೇಲೊಂದು ಬೆರೆಸಿ, ಅಕ್ಷರದ ಅಂಚುಗಳನ್ನು ನಯಗೊಳಿಸಿದ ಮೇಲೆ ಉಳಿದ ಫಲಿತಾಂಶ. ಫೋನು ಏನೇನು ಮಾಡಿತು ಎಂದು ಗೊತ್ತಾದರೆ ಹಿಂದಕ್ಕೆ ಲೆಕ್ಕ ಹಾಕಬಹುದು. ಬಹುತೇಕ ಅಂಕಿಗಳು ಹೀಗೆ ಖಚಿತವಾಗಿ ಸಿಗುತ್ತವೆ, ಒಂದೆರಡು ಮಾತ್ರ ಊಹೆಯಾಗಿ ಉಳಿಯುತ್ತವೆ.

ಅಂತರಗಳಿಂದ ಆರಂಭಿಸೋಣ, ಏಕೆಂದರೆ ಉಳಿದೆಲ್ಲದಕ್ಕೂ ಬೇಕಾದ ಗುಣಕ ಅಲ್ಲಿಯೇ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಅಳತೆಗಳನ್ನು ಡಿಪಿಯಲ್ಲಿ ಬರೆಯುತ್ತಾರೆ. ಇಂಚಿಗೆ 160 ಪಿಕ್ಸೆಲ್ ಇರುವ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್. 320ರಲ್ಲಿ ಎರಡು, 480ರಲ್ಲಿ ಮೂರು. ಹೀಗಾಗಿ ಗುಣಕ ಯಾವಾಗಲೂ ಪೂರ್ಣಾಂಕವೇ ಆಗಿರುತ್ತದೆ ಎಂಬ ನಂಬಿಕೆ ಬೆಳೆದಿದೆ. ಆದರೆ 1080 ಪಿಕ್ಸೆಲ್ ಅಗಲದ ಎಷ್ಟೋ ಫೋನುಗಳು ತಮ್ಮ ಸಾಂದ್ರತೆಯನ್ನು 420 ಎಂದು ಇಟ್ಟುಕೊಂಡಿರುತ್ತವೆ. 420ನ್ನು 160ರಿಂದ ಭಾಗಿಸಿದರೆ 2.625. ಈಗ ನಿಮ್ಮ ಅಂಕಿಗಳನ್ನೇ ನೋಡಿ: 42ನ್ನು 2.625ರಿಂದ ಭಾಗಿಸಿದರೆ 16, 21 ಆಗುವುದು 8, 126 ಆಗುವುದು 48. ಮೂರೂ ಚೂರೂ ಶೇಷವಿಲ್ಲದೆ ಕೂರುತ್ತವೆ. ಮೂರರಿಂದ ಭಾಗಿಸಿದಾಗ ಬರುವ 14, 7, 42 ಕೂಡ ಪೂರ್ಣಾಂಕಗಳೇ ಆದ್ದರಿಂದ ಕೆಲವರು ಅದನ್ನೇ ಬರೆದುಕೊಂಡು ಮುಂದೆ ಹೋಗುತ್ತಾರೆ. ಆಮೇಲೆ ಬೇರೆ ಫೋನಿನಲ್ಲಿ ಹೊಸ ಪರದೆಯೂ ಹಳೆಯ ಪರದೆಯೂ ಅಕ್ಕಪಕ್ಕ ನಿಂತಾಗ ಅಂಚು ಎರಡು ಡಿಪಿಯಷ್ಟು ಒಳಗೆ ಹೊರಗೆ ಆಗಿರುವುದು ಎದ್ದು ಕಾಣುತ್ತದೆ.

ಗುಣಕವನ್ನು ಊಹಿಸುವ ಅಗತ್ಯವೂ ನಿಮಗಿಲ್ಲ. ಕಾರ್ಯದರ್ಶಿಗಳ ಫೋನನ್ನು ಸ್ವಲ್ಪ ಹೊತ್ತು ಕೇಳಿ ಪಡೆಯಿರಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿಗೆ ಜೋಡಿಸಿ ಈ ಮೂರು ಆಜ್ಞೆಗಳನ್ನು ಕೊಡಿ:

```
adb shell wm size
adb shell wm density
adb shell settings get system font_scale
```

ಎರಡನೆಯ ಆಜ್ಞೆಗೆ `Physical density: 420` ಎಂದು ಉತ್ತರ ಬರಬಹುದು. ಅದರ ಕೆಳಗೆ `Override density` ಎಂಬ ಇನ್ನೊಂದು ಸಾಲು ಇದ್ದರೆ ಫೋನಿನ ಮಾಲೀಕರು ಸೆಟ್ಟಿಂಗ್ಸ್‌ನಲ್ಲಿ ‘ಪ್ರದರ್ಶನ ಗಾತ್ರ’ವನ್ನು ಹಿಗ್ಗಿಸಿದ್ದಾರೆ ಅಥವಾ ಕುಗ್ಗಿಸಿದ್ದಾರೆ ಎಂದರ್ಥ. ಆಗ ಲೆಕ್ಕಕ್ಕೆ ಆ ಎರಡನೆಯ ಸಾಲಿನ ಅಂಕಿಯನ್ನೇ ಹಿಡಿಯಬೇಕು. ಮೂರನೆಯ ಆಜ್ಞೆಯ ಉತ್ತರ ಅಕ್ಷರಗಳ ಗಾತ್ರಕ್ಕೆ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಒಂದು ಸಣ್ಣ ತೊಡಕಿದೆ. 12 ಡಿಪಿಯನ್ನು 2.625ರಿಂದ ಗುಣಿಸಿದರೆ 31.5. ಅರ್ಧ ಪಿಕ್ಸೆಲನ್ನು ಹಾಗೆಯೇ ಇಡಲು ಬರುವುದಿಲ್ಲವಾದ್ದರಿಂದ ಒಂದು ಕಡೆ 31, ಇನ್ನೊಂದು ಕಡೆ 32 ಆಗುತ್ತದೆ. 4 ಡಿಪಿ 10.5 ಆಗುವುದರಿಂದ ಅದಕ್ಕೂ ಇದೇ ಗತಿ. ಹೀಗೆ ಒಂದು ಪಿಕ್ಸೆಲ್ ವ್ಯತ್ಯಾಸ ಕಂಡಾಗ ಎರಡು ಬೇರೆ ಬೇರೆ ಅಂತರಗಳಿವೆ ಎಂದು ಗೈಡಿನಲ್ಲಿ ಬರೆಯಬೇಡಿ. ಹಾಗೆಂದು ಎಲ್ಲವನ್ನೂ ಎಂಟರ ಲೆಕ್ಕಕ್ಕೆ ಎಳೆದು ಕೂರಿಸುವುದೂ ಸರಿಯಲ್ಲ. ಎಂಟರ ಜಾಲ ಒಂದು ರೂಢಿ, ಎಲ್ಲ ವಿನ್ಯಾಸಕಾರರೂ ಪಾಲಿಸುವ ಕಾನೂನಲ್ಲ. ಮೂರು ಬೇರೆ ಬೇರೆ ಪರದೆಗಳಲ್ಲಿ ಒಂದೇ ಜಾಗದಲ್ಲಿ 10 ಡಿಪಿ ಸಿಕ್ಕರೆ ಅದು 10 ಡಿಪಿಯೇ. ಅದನ್ನು ತಿದ್ದುವ ಹಕ್ಕು ಗೈಡ್ ಬರೆಯುವವರಿಗಿಲ್ಲ.

ಈಗ ನಿಮ್ಮನ್ನು ಕಾಡಿದ 58. 2.625ರಿಂದ ಭಾಗಿಸಿದರೆ 22 ಡಿಪಿ. ಯಾರೂ 22 ಎಂದು ಬರೆದಿರಲಾರರು ಎಂಬ ನಿಮ್ಮ ಗುಮಾನಿ ಸರಿಯಾಗಿದೆ. ನೀವು ಅಳೆದದ್ದು ಕಾರ್ಡಿನ ಅಂಚಿನಿಂದ F ಅಕ್ಷರದ ಮಸಿಯವರೆಗೆ. ವಿನ್ಯಾಸಕಾರರು ಬರೆದ ಅಂತರ ಇರುವುದು ಕಾರ್ಡಿನ ಅಂಚಿನಿಂದ ಪಠ್ಯದ ಪೆಟ್ಟಿಗೆಯವರೆಗೆ. ಆ ಪೆಟ್ಟಿಗೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಅಕ್ಷರಕ್ಕಿಂತ ಎತ್ತರವಾಗಿರುತ್ತದೆ.

ಶೀರ್ಷಿಕೆ ರೋಬೋಟೋ ಫಾಂಟಿನಲ್ಲಿ 16ರ ಗಾತ್ರದ್ದು, ಸಾಲಿನ ಎತ್ತರ 24 ಎಂದಿಟ್ಟುಕೊಳ್ಳಿ. ರೋಬೋಟೋದಲ್ಲಿ ದೊಡ್ಡಕ್ಷರದ ಎತ್ತರ ಫಾಂಟ್ ಗಾತ್ರದ 0.711 ಭಾಗ, ಎಂದರೆ ಇಲ್ಲಿ ಸುಮಾರು 11.4. ಫಾಂಟು ತನಗಾಗಿ ಕಾಯ್ದಿರಿಸಿಕೊಳ್ಳುವ ಜಾಗ, ಮೇಲೂ ಕೆಳಗೂ ಸೇರಿ, ಗಾತ್ರದ 1.17ರಷ್ಟು, 16ಕ್ಕೆ ಅದು 18.75. ಸಾಲಿನ ಎತ್ತರ 24 ಆದ್ದರಿಂದ ಇನ್ನೂ 5.25 ಉಳಿಯುತ್ತದೆ, ಅದರಲ್ಲಿ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಹೀಗೆ F ಅಕ್ಷರದ ತಲೆಯ ಮೇಲೆ ಫಾಂಟಿನ ಸ್ವಂತ ಜಾಗ ಸುಮಾರು 3.5, ಸಾಲಿನ ಹೆಚ್ಚುವರಿ ಸುಮಾರು 2.6, ಒಟ್ಟು ಆರು ಡಿಪಿ ಖಾಲಿ ಇರುತ್ತದೆ. 22ರಲ್ಲಿ ಈ ಆರನ್ನು ಕಳೆದರೆ 16. ಪರದೆಯ ಅಂಚಿಗೆ ಸಿಕ್ಕ ಅಂಕಿಯೇ ಇಲ್ಲೂ ಬಂತು.

ಈ ಲೆಕ್ಕದಲ್ಲಿ ಒಂದು ಅಪಾಯವಿದೆ. ಫಿಗ್ಮಾ ಮತ್ತು ವೆಬ್ ಬ್ರೌಸರುಗಳು ಸಾಲಿನ ಹೆಚ್ಚುವರಿಯನ್ನು ಮೇಲೆ ಕೆಳಗೆ ಸಮನಾಗಿ ಹಂಚುತ್ತವೆ. ಆಂಡ್ರಾಯ್ಡ್‌ನ ಹಳೆಯ ಟೆಕ್ಸ್ಟ್‌ವ್ಯೂ ಹಾಗೆ ಹಂಚುವುದಿಲ್ಲ, ಮೇಲಾಗಿ ತನ್ನದೇ ಒಂದಿಷ್ಟು ಪ್ಯಾಡಿಂಗನ್ನೂ ಸೇರಿಸುತ್ತದೆ. ಆದ್ದರಿಂದ ಲೆಕ್ಕದ ಉತ್ತರ ಒಂದೆರಡು ಡಿಪಿ ಆಚೀಚೆ ಹೋಗಬಹುದು. ಫೋನು ಕೈಯಲ್ಲಿದ್ದಾಗಲೇ ಡೆವಲಪರ್ ಆಯ್ಕೆಗಳಲ್ಲಿ ‘ಲೇಔಟ್ ಬೌಂಡ್ಸ್ ತೋರಿಸಿ’ ಎಂಬುದನ್ನು ಆನ್ ಮಾಡಿ ಅದೇ ಪರದೆಯ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕಾಣದ ಪೆಟ್ಟಿಗೆಗಳ ಗೆರೆಗಳು ಚಿತ್ರದಲ್ಲೇ ಮೂಡಿರುತ್ತವೆ, ಆಗ ಊಹೆಗೆ ಜಾಗವೇ ಇಲ್ಲ. ಅದಕ್ಕೂ ಖಚಿತವಾದದ್ದು ಇದು:

```
adb shell uiautomator dump /sdcard/ui.xml
adb pull /sdcard/ui.xml
```

ಈ ಕಡತದಲ್ಲಿ ಪರದೆಯ ಪ್ರತಿಯೊಂದು ವಸ್ತುವಿಗೂ `bounds="[42,210][1038,357]"` ಎಂಬಂಥ ಒಂದು ಸಾಲು ಇರುತ್ತದೆ: ಎಡ, ಮೇಲೆ, ಬಲ, ಕೆಳಗೆ. 357ರಲ್ಲಿ 210 ಕಳೆದರೆ 147 ಪಿಕ್ಸೆಲ್, ಅಂದರೆ 56 ಡಿಪಿ ಎತ್ತರದ ಪಟ್ಟಿಸಾಲು. ಆ್ಯಪನ್ನು ಫ್ಲಟರ್‌ನಲ್ಲಿ ಮಾಡಿದ್ದರೆ ಮಾತ್ರ ಈ ಎರಡೂ ದಾರಿಗಳಲ್ಲಿ ಹೆಚ್ಚೇನೂ ಸಿಗದೆ ಹೋಗಬಹುದು. ಒಳಗಿನ ವಸ್ತುಗಳನ್ನು ಫ್ಲಟರ್ ತಾನೇ ಚಿತ್ರಿಸುವುದರಿಂದ ಆಂಡ್ರಾಯ್ಡ್‌ಗೆ ಅವು ಬಿಡಿಬಿಡಿ ವ್ಯೂಗಳಾಗಿ ಕಾಣುವುದಿಲ್ಲ. ಆಗ ಮೇಲಿನ ಲೆಕ್ಕವೇ ಗತಿ.

ಅಕ್ಷರಗಳ ಗಾತ್ರಕ್ಕೆ ಬರೋಣ. ಒಂದು ಅಕ್ಷರವನ್ನು ತಲೆಯಿಂದ ಬುಡದವರೆಗೆ ಅಳೆದರೆ ಫಾಂಟ್ ಸೈಜ್ ಸಿಗುತ್ತದೆ ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪು ತಿಳಿವಳಿಕೆ. ಫಾಂಟ್ ಸೈಜ್ ಎನ್ನುವುದು ಅಕ್ಷರ ಕೂರುವ ಚೌಕಟ್ಟಿನ ಅಳತೆ, ಯಾವ ಅಕ್ಷರವೂ ಅದನ್ನು ಪೂರ್ತಿ ತುಂಬಬೇಕೆಂದೇನಿಲ್ಲ. ಒಂದೇ 16ರ ಗಾತ್ರದಲ್ಲಿ ಎರಡು ಫಾಂಟುಗಳ ಅಕ್ಷರಗಳು ಬೇರೆ ಬೇರೆ ಎತ್ತರದಲ್ಲಿ ಕಾಣುವುದು ಇದೇ ಕಾರಣಕ್ಕೆ.

ನಿಮ್ಮದು ಹಣಕಾಸಿನ ಆ್ಯಪ್, ಪರದೆ ತುಂಬ ಅಂಕಿಗಳಿವೆ. ಅದು ನಿಮಗೆ ಅನುಕೂಲವೇ. ರೋಬೋಟೋದಲ್ಲಿ ಅಂಕಿಗಳ ಎತ್ತರ ದೊಡ್ಡಕ್ಷರದ ಎತ್ತರಕ್ಕೆ ಸಮ. ಖಾತೆಯ ಮೊತ್ತದಲ್ಲಿ 7 ಎಂಬ ಅಂಕಿಯನ್ನು ಹುಡುಕಿ. ಅದರ ತಲೆ ಚಪ್ಪಟೆ, ಬುಡ ನೇರವಾಗಿ ಅಡಿಗೆರೆಯ ಮೇಲೆ ನಿಂತಿರುತ್ತದೆ. 0 ಅಥವಾ 8 ಬೇಡ, ದುಂಡಗಿನ ಆಕಾರಗಳು ಕಣ್ಣಿಗೆ ಸಮನಾಗಿ ಕಾಣಲೆಂದು ಮೇಲೆ ಕೆಳಗೆ ತುಸು ಹೊರಕ್ಕೆ ಚಾಚಿಕೊಂಡಿರುತ್ತವೆ. ಆ 7ರ ಎತ್ತರ 30 ಪಿಕ್ಸೆಲ್ ಇದ್ದರೆ, 30ನ್ನು 0.711ರಿಂದ ಭಾಗಿಸಿ 42.2, ಅದನ್ನು 2.625ರಿಂದ ಭಾಗಿಸಿ 16.07. ಗಾತ್ರ 16.

ಆದರೆ ಎತ್ತರದ ಅಳತೆಯಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಉತ್ತರ ಅರ್ಧ ಅಂಕಿಯಷ್ಟು ಜಾರುತ್ತದೆ. ಅಕ್ಷರದ ಅಂಚು ಎಲ್ಲಿ ಮುಗಿಯಿತು ಎನ್ನುವುದೇ ಮಸುಕಾಗಿರುವಾಗ ಆ ಒಂದು ಪಿಕ್ಸೆಲ್ ತಪ್ಪುವುದು ಸುಲಭ. ಆದ್ದರಿಂದ ಎತ್ತರದಿಂದ ಅಂದಾಜು ಹಾಕಿ, ಅಗಲದಿಂದ ಖಚಿತಪಡಿಸಿಕೊಳ್ಳಿ. 16ರ ಗಾತ್ರದಲ್ಲಿ 500 ಪಿಕ್ಸೆಲ್ ಉದ್ದ ಬರುವ ಸಾಲು 15ರಲ್ಲಿ 469ಕ್ಕೆ ಇಳಿಯುತ್ತದೆ. ಮೂವತ್ತು ಪಿಕ್ಸೆಲ್ ವ್ಯತ್ಯಾಸ ಯಾರ ಕಣ್ಣಿನಿಂದಲೂ ತಪ್ಪಿಸಿಕೊಳ್ಳಲಾರದು. ಫಿಗ್ಮಾದಲ್ಲಿ ಸ್ಕ್ರೀನ್‌ಶಾಟನ್ನು 411 ಅಗಲಕ್ಕೆ ಇಳಿಸಿ ಇಡಿ, ಅದರ ಮೇಲೆ ಅದೇ ಸಾಲನ್ನು ಅದೇ ಫಾಂಟಿನಲ್ಲಿ ಟೈಪ್ ಮಾಡಿ ಕೆಂಪು ಬಣ್ಣ ಕೊಟ್ಟು ಅರ್ಧ ಪಾರದರ್ಶಕ ಮಾಡಿ. ಮೊದಲ ಅಕ್ಷರಗಳು ಕೂಡಿಕೊಂಡಿದ್ದು ಕೊನೆಯ ಅಕ್ಷರವೂ ಕೂಡಿಕೊಂಡರೆ ಗಾತ್ರ ಸರಿ. ಎತ್ತರ ಹೊಂದಿ ಅಗಲ ಮಾತ್ರ ಸ್ವಲ್ಪ ಕಡಿಮೆ ಬಿದ್ದರೆ ಗಾತ್ರವನ್ನು ಹೆಚ್ಚಿಸಬೇಡಿ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಕೊಟ್ಟಿರಬಹುದು. ಗೂಗಲ್‌ನ ಮಟೀರಿಯಲ್ 3 ಮಾದರಿಯಲ್ಲಿ 16ರ ಪಠ್ಯಕ್ಕೆ 0.5ರಷ್ಟು ಅಂತರ ಮೊದಲೇ ಇರುತ್ತದೆ.

ಕನ್ನಡಕ್ಕೆ ಈ ಅಗಲದ ವಿಧಾನವೇ ಮುಖ್ಯ ದಾರಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಂಬುದಿಲ್ಲ. ತಲೆಕಟ್ಟು, ಅದರ ಮೇಲೆ ಏರುವ ಗುಣಿತದ ಗುಡಿಸು, ಕೆಳಗೆ ಇಳಿಯುವ ಒತ್ತಕ್ಷರ ಸೇರಿ ಪ್ರತಿ ಪದಕ್ಕೂ ಒಂದೊಂದು ಎತ್ತರ. ‘ಸಾಲ’ ಎಂಬುದನ್ನು ಅಳೆದವರಿಗೂ ‘ಒಟ್ಟು ಮೊತ್ತ’ ಎಂಬುದನ್ನು ಅಳೆದವರಿಗೂ ಒಂದೇ ಗಾತ್ರದಲ್ಲಿ ಬೇರೆ ಅಂಕಿ ಬರುತ್ತದೆ. ಆದ್ದರಿಂದ ಎತ್ತರವನ್ನು ಬಿಟ್ಟುಬಿಡಿ. ‘ಉಳಿತಾಯ ಖಾತೆಯ ವಿವರಗಳು’ ಎಂಬಂಥ ಉದ್ದನೆಯ ಸಾಲನ್ನು ಆರಿಸಿ, ಮೇಲೆ ಹೇಳಿದಂತೆ ಟೈಪ್ ಮಾಡಿ ಹೊಂದಿಸಿ.

ಅದಕ್ಕೆ ಮೊದಲು ಫಾಂಟ್ ಯಾವುದು ಎಂದು ಗೊತ್ತಾಗಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಆ್ಯಪ್‌ಗೆ ಕೊಟ್ಟಿರುವ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲೇ ಇರುವ ಕನ್ನಡ ಫಾಂಟನ್ನು ಎರವಲು ತರುತ್ತದೆ. ಸಾಮಾನ್ಯವಾಗಿ ಅದು ನೋಟೋ ಸಾನ್ಸ್ ಕನ್ನಡ. ಕೆಲವು ತಯಾರಕರ ಫೋನುಗಳಲ್ಲಿ ಅವರದೇ ಫಾಂಟ್ ಇರುತ್ತದೆ. ಹಾಗಾಗಿ ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ಕನ್ನಡ ವಿನ್ಯಾಸಕಾರರ ಆಯ್ಕೆಯೇ ಆಗಿರಬೇಕೆಂದಿಲ್ಲ. ಪರೀಕ್ಷೆ ಸರಳ: ಅದೇ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಅಲ್ಲಿಯ ‘ಕ’, ‘ಳ’, ‘ತ್ತ’ಗಳ ತಿರುವುಗಳು ಆ್ಯಪ್‌ನಲ್ಲಿರುವಂತೆಯೇ ಇದ್ದರೆ ಅದು ಫೋನಿನ ಫಾಂಟ್. ಆಗ ಗೈಡಿನಲ್ಲಿ ‘ಕನ್ನಡ: ಸಿಸ್ಟಂ ಫಾಂಟ್’ ಎಂದಷ್ಟೇ ಬರೆಯಿರಿ. ಬೇರೆಯಾಗಿದ್ದರೆ ಆ್ಯಪ್‌ನೊಳಗೆ ಫಾಂಟ್ ಕಡತ ಸೇರಿಸಿದ್ದಾರೆ ಎಂದರ್ಥ, ಅದನ್ನು ಹುಡುಕಬೇಕು.

ಸಾಲಿನ ಎತ್ತರವನ್ನು ಎರಡು ಸಾಲಿಗೆ ಹರಿದ ಪಠ್ಯದಲ್ಲಿ ಅಳೆಯಿರಿ. ಮೇಲಿನ ಸಾಲಿನಲ್ಲೂ ಕೆಳಗಿನ ಸಾಲಿನಲ್ಲೂ ಬರುವ ಒಂದೇ ಅಕ್ಷರವನ್ನು, ‘ರ’ ಎಂದಿಟ್ಟುಕೊಳ್ಳಿ, ಹಿಡಿದು ಬುಡದಿಂದ ಬುಡಕ್ಕೆ ಅಳೆದರೆ ಸಾಕು. ಕನ್ನಡದ ಸಾಲಿನಲ್ಲಿ ಇಂಗ್ಲಿಷಿನದಕ್ಕಿಂತ ಹೆಚ್ಚು ಅಂತರ ಬಂದರೆ ಗಾಬರಿಯಾಗಬೇಡಿ, ಎರಡರ ಸರಾಸರಿಯನ್ನೂ ತೆಗೆಯಬೇಡಿ. ಆಂಡ್ರಾಯ್ಡ್ 9ರಿಂದ ಈಚೆಗೆ ಎರವಲು ಬಂದ ಫಾಂಟಿಗೆ ಹೆಚ್ಚು ಜಾಗ ಬೇಕಾದರೆ ಸಾಲನ್ನು ಅದಕ್ಕೆ ತಕ್ಕಂತೆ ಎತ್ತರಿಸುವ ವ್ಯವಸ್ಥೆ ಇದೆ. ಎರಡೂ ಅಂಕಿಗಳನ್ನು ಬೇರೆ ಬೇರೆಯಾಗಿಯೇ ದಾಖಲಿಸಿ. ಇಂಗ್ಲಿಷ್ ಅಳತೆಯನ್ನೇ ಕನ್ನಡಕ್ಕೂ ಹೇರಿದರೆ ಮೇಲಿನ ಸಾಲಿನ ‘ಸ್ತ್ರೀ’ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಇದು ನಮ್ಮ ಆ್ಯಪ್‌ಗಳಲ್ಲಿ ಇಂದಿಗೂ ಎಲ್ಲೆಡೆ ಕಾಣುವ ದೋಷ, ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಇನ್ನು `font_scale`. ಕಾರ್ಯದರ್ಶಿಗಳು ಕಣ್ಣಿಗೆ ಅನುಕೂಲವೆಂದು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರೆ ಅದು 1.15 ಅಥವಾ 1.3 ಇರುತ್ತದೆ. ಆಗ ಅಂತರಗಳೆಲ್ಲ ಸರಿಯಾಗಿ ಕೂತರೂ ಅಕ್ಷರಗಳ ಗಾತ್ರ ಮಾತ್ರ 13.8, 16.1, 18.4 ಎಂದು ವಿಚಿತ್ರವಾಗಿ ಬರುತ್ತದೆ. ಇವು 12, 14, 16ರ 1.15 ಪಟ್ಟು. ಆಂಡ್ರಾಯ್ಡ್ 14ರಿಂದ ದೊಡ್ಡ ಅಕ್ಷರಗಳನ್ನು ಚಿಕ್ಕವುಗಳಷ್ಟು ಹಿಗ್ಗಿಸುವುದಿಲ್ಲವಾದ್ದರಿಂದ ಅಲ್ಲಿ ಈ ಭಾಗಾಕಾರವೂ ನೇರವಾಗಿ ಕೆಲಸ ಮಾಡದು. ಅಕ್ಷರದ ಗಾತ್ರವನ್ನು ಸಹಜ ಸ್ಥಿತಿಗೆ ಇಳಿಸಿ ಹೊಸದಾಗಿ ಸ್ಕ್ರೀನ್‌ಶಾಟ್ ತೆಗೆಯುವುದೇ ಲೇಸು. ಮುಗಿದ ಮೇಲೆ ಮರೆಯದೆ ಅವರ ಗಾತ್ರಕ್ಕೇ ಮರಳಿಸಿಕೊಡಿ.

ಉಳಿದದ್ದು ನಿಮ್ಮ ಏಳು ಹಸಿರುಗಳು. ಇಂಥ ಕೆಲಸಗಳಲ್ಲಿ ಏಳು ಹಸಿರು ಹೇಗೆ ಹುಟ್ಟುತ್ತವೆ ಎಂಬುದನ್ನು ಒಂದು ಬಣ್ಣ ಹಿಡಿದು ತೋರಿಸುತ್ತೇನೆ. ಗುಂಡಿಯ ನಿಜವಾದ ಬಣ್ಣ `#2E7D32` ಎಂದಿರಲಿ. `#2F7C33` ಮತ್ತು `#2D7E30` ಬಂದದ್ದು ವಾಟ್ಸ್ಆ್ಯಪ್ ಚಿತ್ರದಿಂದ. ಅದು ಚಿತ್ರವನ್ನು ಕುಗ್ಗಿಸಿ ಜೆಪೆಗ್ ಮಾಡಿ ಕಳಿಸುತ್ತದೆ. ಜೆಪೆಗ್ ಎಂಟೆಂಟು ಪಿಕ್ಸೆಲ್ಲಿನ ಚೌಕಗಳಲ್ಲಿ ಬಣ್ಣವನ್ನು ಅಂದಾಜು ಮಾಡುವುದರಿಂದ, ಅದರಲ್ಲೂ ಅಕ್ಷರಗಳ ಸುತ್ತ, ಕೋಡ್ ಒಂದೆರಡು ಅಂಕಿ ಆಚೀಚೆಯಾಗುತ್ತದೆ. ಚಿತ್ರ 720×1600ಕ್ಕೆ ಇಳಿದಿದ್ದರೆ ನಿಮ್ಮ 42 ಪಿಕ್ಸೆಲ್ಲೂ 28 ಆಗಿರುತ್ತದೆ. ವಾಟ್ಸ್ಆ್ಯಪ್ ಚಿತ್ರಗಳನ್ನು ಅಳತೆಗೂ ಬಣ್ಣಕ್ಕೂ ಬಳಸಲೇಬೇಡಿ. ಫೋನಿನಲ್ಲಿರುವ ಮೂಲ ಪಿಎನ್‌ಜಿ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಅದು ಹಾಗೆಯೇ ಬರುತ್ತದೆ.

`#97BE99` ಸಿಕ್ಕರೆ ನೀವು ಹಸಿರು ಅಕ್ಷರವೊಂದರ ಅಂಚಿನ ಮೇಲೆ ಕ್ಲಿಕ್ ಮಾಡಿದ್ದೀರಿ. ಅದು ಹಸಿರು ಮತ್ತು ಬಿಳಿಯ ನಟ್ಟನಡುವಿನ ಬಣ್ಣ. ಕಡುಗಪ್ಪಾದ `#123214` ಹೊಸ ಬಣ್ಣವಲ್ಲ, ಸಂದೇಶ ಪೆಟ್ಟಿಗೆ ತೆರೆದಿದ್ದಾಗ ಹಿಂದಿನ ಪರದೆಯ ಮೇಲೆ ಕವಿದ ಶೇ 60ರ ಕಪ್ಪು ಪದರದಡಿಯ ಅದೇ ಹಸಿರು. ತೆಳುವಾದ `#E6EFE6` ಕೂಡ ಅದೇ ಹಸಿರನ್ನು ಬಿಳಿಯ ಮೇಲೆ ಶೇ 12ರಷ್ಟು ಹರಡಿದ್ದು. ಸ್ಥಿತಿಪಟ್ಟಿಯ `#1B5E20` ಮಾತ್ರ ನಿಜವಾಗಿಯೂ ಬೇರೆ. ಹಳೆಯ ಮಟೀರಿಯಲ್ ಶೈಲಿಯ ಆ್ಯಪ್‌ಗಳಲ್ಲಿ ಮುಖ್ಯ ಬಣ್ಣಕ್ಕಿಂತ ಗಾಢವಾದ ಇಂಥದ್ದೊಂದು ಇರುತ್ತಿತ್ತು. ಏಳರಲ್ಲಿ ಗೈಡಿಗೆ ಹೋಗಬೇಕಾದವು ಎರಡು ಹಸಿರು ಮತ್ತು ಒಂದು ತೆಳುಲೇಪ.

ಒಂದು ಪಿಕ್ಸೆಲ್ಲಿನ ಮೇಲೆ ಪಿಕ್ಕರ್ ಇಡುವ ಬದಲು ಇಡೀ ಚಿತ್ರದಲ್ಲಿ ಯಾವ ಬಣ್ಣ ಎಷ್ಟು ಪಿಕ್ಸೆಲ್ ಇದೆ ಎಂದು ಎಣಿಸಿದರೆ ಈ ಗೊಂದಲವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇಮೇಜ್‌ಮ್ಯಾಜಿಕ್ ಇದ್ದರೆ ಒಂದು ಸಾಲು ಸಾಕು:

```
magick screen.png -format %c -depth 8 histogram:info:- | sort -rn | head -20
```

ಹಿನ್ನೆಲೆ, ಕಾರ್ಡು, ಗುಂಡಿ ಮುಂತಾದ ಸಪಾಟು ಬಣ್ಣಗಳು ಸಾವಿರಗಟ್ಟಲೆ ಪಿಕ್ಸೆಲ್ಲಿನೊಂದಿಗೆ ಮೇಲೆ ಬರುತ್ತವೆ, ಅಂಚಿನ ಮಿಶ್ರಬಣ್ಣಗಳು ಬೆರಳೆಣಿಕೆಯಲ್ಲಿ ಕೆಳಗುಳಿಯುತ್ತವೆ. ಪಠ್ಯದ ಬಣ್ಣಕ್ಕೆ ಮಾತ್ರ ಇದು ಸಾಲದು, ಏಕೆಂದರೆ ಸಣ್ಣ ಅಕ್ಷರಗಳಲ್ಲಿ ಪೂರ್ಣ ಬಣ್ಣದ ಪಿಕ್ಸೆಲ್ಲೇ ಕಡಿಮೆ. ಅದಕ್ಕೆ ಅದೇ ಬಣ್ಣದ ದಪ್ಪಕ್ಷರ ಎಲ್ಲಾದರೂ ಇದೆಯೇ ನೋಡಿ, ಚೆನ್ನಾಗಿ ಹಿಗ್ಗಿಸಿ, ಗೆರೆಯ ನಡುಭಾಗದ ಪಿಕ್ಸೆಲ್ಲನ್ನು ಹಿಡಿಯಿರಿ.

ಪಠ್ಯದ ಬೂದುಬಣ್ಣದ ವಿಷಯದಲ್ಲಿ ಇನ್ನೊಂದು ಮಾತಿದೆ. ಬಿಳಿಯ ಮೇಲೆ `#666666` ಕಂಡರೆ ಅದು ನಿಜವಾದ ಬೂದು ಇರಬಹುದು, ಶೇ 60ರ ಕಪ್ಪೂ ಇರಬಹುದು. ಬಿಳಿಯ ಮೇಲೆ ಎರಡೂ ಒಂದೇ, ಹೊಸ ಪರದೆಯಲ್ಲಿ ಬಣ್ಣದ ಹಿನ್ನೆಲೆ ಬಂದಾಗ ಬೇರೆಯಾಗುತ್ತವೆ. ತಿಳಿಯಲು ಅದೇ ಬಗೆಯ ಪಠ್ಯ ಬೇರೆ ಹಿನ್ನೆಲೆಯ ಮೇಲೆ ಎಲ್ಲಿದೆ ಎಂದು ಹುಡುಕಿ. `#E8F5E9` ಎಂಬ ತೆಳುಹಸಿರಿನ ಮೇಲೆ ಅದು `#5D625D` ಆಗಿದೆ ಎನ್ನಿ. ಕೆಂಪು ಅಂಶವನ್ನಷ್ಟೇ ತೆಗೆದುಕೊಳ್ಳೋಣ: ಹಿನ್ನೆಲೆ 255ರಿಂದ 232ಕ್ಕೆ, ಅಂದರೆ 23 ಇಳಿದಿದೆ, ಪಠ್ಯ 102ರಿಂದ 93ಕ್ಕೆ, ಅಂದರೆ 9 ಇಳಿದಿದೆ. 9ನ್ನು 23ರಿಂದ ಭಾಗಿಸಿದರೆ ಸುಮಾರು 0.4. ಹಿನ್ನೆಲೆಯ ಶೇ 40 ಭಾಗ ಪಠ್ಯದೊಳಗಿಂದ ಇಣುಕುತ್ತಿದೆ, ಆದ್ದರಿಂದ ಅದು ಶೇ 60ರ ಕಪ್ಪು. ಪಠ್ಯ ಚೂರೂ ಬದಲಾಗದೆ `#666666` ಆಗಿಯೇ ಉಳಿದಿದ್ದರೆ ಅದು ಸಾದಾ ಬೂದು. ಎರಡನೆಯ ಹಿನ್ನೆಲೆ ಎಲ್ಲೂ ಸಿಗದಿದ್ದರೆ ಕಂಡ ಬಣ್ಣವನ್ನು ಬರೆದು ಪಕ್ಕದಲ್ಲಿ ‘ಊಹೆ’ ಎಂದು ಗುರುತು ಹಾಕಿ.

ಮುಂದೆ ಯಾರಾದರೂ ಐಫೋನ್ ಸ್ಕ್ರೀನ್‌ಶಾಟ್ ಕಳಿಸಿದರೆ ಒಂದು ಎಚ್ಚರಿಕೆ. ಅವು ಡಿಸ್‌ಪ್ಲೇ ಪಿ3 ಎಂಬ ಹೆಚ್ಚು ವಿಸ್ತಾರದ ಬಣ್ಣವ್ಯಾಪ್ತಿಯಲ್ಲಿ ಬರುತ್ತವೆ. ವಿನ್ಯಾಸದಲ್ಲಿ ಅಪ್ಪಟ ಕೆಂಪು `#FF0000` ಇದ್ದದ್ದು ಕಡತದ ಅಂಕಿಯಲ್ಲಿ `#EA3323` ಎಂದು ಕಾಣುತ್ತದೆ. ಚಿತ್ರವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿದ ಮೇಲೆಯೇ ಬಣ್ಣ ಆರಿಸಬೇಕು.

ಸ್ಕ್ರೀನ್‌ಶಾಟ್ ಹಾಕಿದರೆ ಬಣ್ಣ, ಫಾಂಟ್ ಎಲ್ಲವನ್ನೂ ಹೇಳುವ ಜಾಲತಾಣಗಳಿವೆ. ಇಂಥ ಕೆಲಸಕ್ಕೆ ಅವು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳಿಗೆ ನಿಮ್ಮ ಫೋನಿನ ಸಾಂದ್ರತೆಯೂ ಗೊತ್ತಿಲ್ಲ, ಶೇ 60ರ ಕಪ್ಪೂ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಮಾತು, ನಿಮ್ಮ ಚಿತ್ರಗಳಲ್ಲಿ ಸದಸ್ಯರ ಹೆಸರು, ಖಾತೆ ಸಂಖ್ಯೆ, ಉಳಿತಾಯದ ಮೊತ್ತ ಇವೆ. ಅವನ್ನು ಗೊತ್ತಿಲ್ಲದ ಸರ್ವರಿಗೆ ಏರಿಸುವುದು ತರವಲ್ಲ. ಸಾಧ್ಯವಾದರೆ ಪರೀಕ್ಷಾ ಖಾತೆಯೊಂದರಿಂದ ಹೊಸ ಸ್ಕ್ರೀನ್‌ಶಾಟ್ ತೆಗೆಸಿ.

ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ಆ್ಯಪ್ ಸಂಘದ್ದೇ ಆದ್ದರಿಂದ, ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಪಡೆದು ಎಪಿಕೆ ಕಡತವನ್ನು `apktool d app.apk` ಎಂದು ಬಿಚ್ಚಿದರೆ `res/values` ಒಳಗೆ `colors.xml` ಮತ್ತು `dimens.xml` ಸಿಗಬಹುದು. ಹಳೆಯ ರೀತಿಯಲ್ಲಿ ಕಟ್ಟಿದ ಆ್ಯಪ್ ಆದರೆ ಮೇಲಿನ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಆದರೆ ಆ ಕಡತಗಳಲ್ಲಿ ಬಳಸಿದ ಲೈಬ್ರರಿಗಳ ನೂರಾರು ಬಣ್ಣಗಳೂ ಸೇರಿಕೊಂಡಿರುತ್ತವೆ. ಯಾವುದು ಪರದೆಯಲ್ಲಿ ನಿಜವಾಗಿ ಬಳಕೆಯಲ್ಲಿದೆ ಎಂದು ತಿಳಿಯಲು ಮತ್ತೆ ಸ್ಕ್ರೀನ್‌ಶಾಟಿಗೇ ಬರಬೇಕು. ಆದ್ದರಿಂದ ಎರಡನ್ನೂ ಜೊತೆಯಾಗಿ ಇಟ್ಟುಕೊಂಡು ನೋಡುವುದು ಒಳ್ಳೆಯದು.

ಗೈಡು ಚಿಕ್ಕದಾಗಿರಲಿ. ಬಣ್ಣಗಳಿಗೆ ‘ಹಸಿರು 1, ಹಸಿರು 2’ ಎಂದು ಹೆಸರಿಡದೆ ಅವು ಮಾಡುವ ಕೆಲಸದ ಹೆಸರಿಡಿ. ನಿಮ್ಮ ಅಳತೆಗಳು ಮತ್ತು ಮೇಲಿನ ಉದಾಹರಣೆಯ ಬಣ್ಣಗಳಿಂದ ಅದು ಹೀಗೆ ನಿಲ್ಲುತ್ತದೆ:

```xml
<!-- 1080x2400, density 420, font_scale 1.0 -->
<color name="primary">#2E7D32</color>
<color name="primary_dark">#1B5E20</color>
<color name="primary_tint">#1F2E7D32</color>
<color name="text_secondary">#99000000</color>
<dimen name="space_small">8dp</dimen>
<dimen name="space_normal">16dp</dimen>
<dimen name="button_height">48dp</dimen>
<dimen name="row_height">56dp</dimen>
<dimen name="text_body">16sp</dimen>
```

ಆಂಡ್ರಾಯ್ಡ್‌ನಲ್ಲಿ ಪಾರದರ್ಶಕತೆಯ ಎರಡು ಅಂಕಿಗಳು ಕೋಡಿನ ಮೊದಲಿಗೆ ಬರುತ್ತವೆ: `99` ಎಂದರೆ ಶೇ 60, `1F` ಎಂದರೆ ಶೇ 12. ವೆಬ್‌ನಲ್ಲಿ ಅವು ಕೊನೆಗೆ ಬರುತ್ತವೆ. ಗೈಡನ್ನು ಮುಂದೆ ವೆಬ್‌ಸೈಟ್ ಮಾಡುವವರಿಗೆ ಕೊಡುವುದಾದರೆ ಇದನ್ನು ಒಂದು ಸಾಲಿನಲ್ಲಿ ಬರೆದಿಡಿ, ಇಲ್ಲವಾದರೆ ತೆಳುಲೇಪದ ಜಾಗದಲ್ಲಿ ಗುರುತೇ ಸಿಗದ ಬಣ್ಣ ಬಂದು ಕೂರುತ್ತದೆ. ಮೇಲಿನ ಸಾಲಿನಲ್ಲಿರುವ ಸಾಂದ್ರತೆ ಮತ್ತು ಅಕ್ಷರ ಗುಣಕವನ್ನು ಎಂದೂ ಅಳಿಸಬೇಡಿ. ನಿಮ್ಮ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಲು ಇರುವ ಆಧಾರ ಅದೊಂದೇ.

ಹೊಸ ಪರದೆಗಳಿಗೆ ಕೈಹಾಕುವ ಮೊದಲು ಈ ಗೈಡಿನ ಅಂಕಿಗಳನ್ನಷ್ಟೇ ಬಳಸಿ ಹಳೆಯ ಪರದೆಯೊಂದನ್ನು ಮತ್ತೆ ಕಟ್ಟಿ. ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಹಳೆಯದರ ಮೇಲೆ ಅರ್ಧ ಪಾರದರ್ಶಕವಾಗಿ ಹೊದಿಸಿ ನೋಡಿ. ವಸ್ತುಗಳು ಕೆಳಗೆ ಹೋದಂತೆಲ್ಲ ಹೆಚ್ಚು ಹೆಚ್ಚು ಜಾರಿದ್ದರೆ ತಪ್ಪಿರುವುದು ಪುನರಾವರ್ತನೆಯಾಗುವ ಯಾವುದೋ ಅಂತರ ಅಥವಾ ಪಟ್ಟಿಸಾಲಿನ ಎತ್ತರ. ಎಲ್ಲವೂ ಒಂದೇ ಅಳತೆಯಷ್ಟು ಜಾರಿದ್ದರೆ ಮೇಲ್ಪಟ್ಟಿಯನ್ನು ಪರೀಕ್ಷಿಸಿ. ಸಾಲಿನ ಕೊನೆಯ ಪದ ಮಾತ್ರ ಆಚೀಚೆಯಾಗಿದ್ದರೆ ಅಕ್ಷರದ ಗಾತ್ರ ಅಥವಾ ಅಕ್ಷರಗಳ ನಡುವಿನ ಅಂತರದಲ್ಲಿ ದೋಷವಿದೆ. ಎರಡು ಸಾಲಿನ ಕನ್ನಡ ಪಠ್ಯದಲ್ಲಿ ಮೊದಲ ಸಾಲು ಕೂಡಿಕೊಂಡು ಎರಡನೆಯದು ಕೂಡದಿದ್ದರೆ, ಸಾಲಿನ ಎತ್ತರವನ್ನು ‘ರ’ದಿಂದ ‘ರ’ಕ್ಕೆ ಇನ್ನೊಮ್ಮೆ ಅಳೆಯಿರಿ.